ಗೋಡೆಯ ಜೊತೆ ಹೋದ ಕೂದಲು

ನಮ್ಮ ಫೋಟೊ ಸ್ಟುಡಿಯೊದಲ್ಲಿ ಆಕೆಯನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಫೋಟೊದಲ್ಲಿರುವ ಮನುಷ್ಯರನ್ನು ಹಿನ್ನೆಲೆಯಿಂದ ಕತ್ತರಿಸಿ ಬೇರೆ ಹಿನ್ನೆಲೆಗೆ ಕೂರಿಸುವುದು ಆಕೆಯ ಕೆಲಸ. ಮಾತು ಕಡಿಮೆ, ಮೂಗಿನ ತುದಿಯಲ್ಲೇ ಕೋಪ. ಕೌಂಟರಿನಲ್ಲಿ ಕೂರುವ ನಾನು ದಿನಕ್ಕೊಮ್ಮೆಯಾದರೂ ಬೈಸಿಕೊಳ್ಳದೆ ಮನೆಗೆ ಹೋದವಳಲ್ಲ.

ಮಾಲೀಕರು ತಾನಾಗಿಯೇ ಕತ್ತರಿಸುವ ಸಾಫ್ಟ್‌ವೇರ್ ತಂದ ಮೇಲೆ ಅಕ್ಕನಿಗೆ ಉಳಿದದ್ದು ಅದು ಮಾಡಿದ್ದನ್ನು ನೋಡಿ ಮುಂದಕ್ಕೆ ಕಳಿಸುವ ಕೆಲಸ ಮಾತ್ರ. ಕಪ್ಪು ಕೂದಲು, ಬಿಳಿ ಪರದೆ ಇದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿತ್ತು. ಅಕ್ಕ ಅದನ್ನು ಹೊಗಳಲೂ ಇಲ್ಲ, ಹಳಿಯಲೂ ಇಲ್ಲ. ಆದರೆ ಒಂದು ಪದ್ಧತಿ ಬಿಡಲಿಲ್ಲ. ಅಂಚು ಸರಿಯಿದೆಯೇ ಎಂದು ಕತ್ತರಿಸಿದ ಚಿತ್ರವನ್ನು ಒಮ್ಮೆ ಕಪ್ಪಿನ ಮೇಲೆ, ಒಮ್ಮೆ ಬಿಳಿಯ ಮೇಲೆ ಇಟ್ಟು ನೋಡುತ್ತಿದ್ದಳು.

ಒಬ್ಬ ಬಸ್ ಡ್ರೈವರ್ ಹೆಂಡತಿಯ ಫೋಟೊ ತಂದ. ಆಕೆ ಆಸ್ಪತ್ರೆಯಲ್ಲಿದ್ದಳು. ಔಷಧಿಗೆ ಕೂದಲೆಲ್ಲ ಉದುರಿ, ಮತ್ತೆ ಬರಲು ಶುರುವಾದಾಗ ತೆಗೆಸಿಕೊಂಡ ಫೋಟೊ ಅದು. ಬಿಳಿಚಿದ ಗೋಡೆ, ನೂಲಿಗಿಂತ ತೆಳ್ಳಗಿನ ನರೆಗೂದಲು, ಹಿಂದಲೆಯ ಮೇಲೆ ತೆಳು ಮುಸುಕು.

"ಗೋಡೆ ನೋಡಿ ನೋಡಿ ಸಾಕಾಗಿದೆಯಂತೆ ಅವಳಿಗೆ. ಹಿಂದೆ ಆಕಾಶ ಹಾಕ್ಕೊಡಿ. ಕೂದಲು ಮಾತ್ರ ಚೆನ್ನಾಗಿ ಕಾಣ್ಬೇಕು ಅಂದಿದ್ದಾಳೆ," ಎಂದ.

ಅವತ್ತು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಬಿಳಿಯ ಮೇಲೆ ಮಾತ್ರ ನೋಡಿದಳು. ಅಂಚಿನಲ್ಲಿ ಕೂದಲು ಕಾಣಲಿಲ್ಲ. ಬಿಳಿಯಲ್ಲಿ ಬಿಳಿ ಬೆರೆತಿದೆ, ಇದ್ದೇ ಇರುತ್ತದೆ ಎಂದುಕೊಂಡು ಮುಂದಕ್ಕೆ ಕಳಿಸಿದಳು. ಮಾಲೀಕರು ಆಕಾಶ ಸೇರಿಸಿ, ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ ಅಂಟಿಸಿ ಅವನ ಕೈಗೆ ಕೊಟ್ಟೇ ಬಿಟ್ಟರು.

ಮರುದಿನ ಡ್ರೈವರ್ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಂದಿದ್ದ ಕೂದಲೂ ಹೋಯ್ತಾ ಅಂತ ಕೇಳಿದ್ಲು," ಎಂದಷ್ಟೇ ಹೇಳಿದ.

ಅಕ್ಕ ಕಂಪ್ಯೂಟರಿನಲ್ಲಿ ಚಿತ್ರವನ್ನು ಕಪ್ಪಿನ ಮೇಲಿಟ್ಟಳು. ಹಣೆಯ ಮೇಲಿನ ನಾಲ್ಕು ಎಳೆ ಬಿಟ್ಟರೆ ನುಣ್ಣಗೆ ಬೋಳಿಸಿದಂಥ ತಲೆ. ಮುಸುಕು ಅರ್ಧ ಹರಿದಂತಿತ್ತು, ಉಳಿದ ಕಡೆ ಗೋಡೆಯ ತುಂಡು ಹಾಗೇ ಅಂಟಿತ್ತು.

"ಯಾಕಕ್ಕಾ ಹೀಗಾಯ್ತು?" ಎಂದೆ.

"ಆ ಸಾಫ್ಟ್‌ವೇರ್ ಚಿತ್ರದ ಒಂದೊಂದು ಚುಕ್ಕೆಗೂ ಇದು ಮನುಷ್ಯ ಎಷ್ಟು, ಗೋಡೆ ಎಷ್ಟು ಅಂತ ಲೆಕ್ಕ ಹಾಕುತ್ತೆ ಕಣೇ. ಮೊದಲು ಚಿತ್ರನ ಚಿಕ್ಕದು ಮಾಡ್ಕೊಂಡು ನೋಡುತ್ತೆ. ಆಗಲೇ ಸಣ್ಣ ಎಳೆ ಕರಗಿ ಹೋಗುತ್ತೆ. ಉಳಿದ ಎಳೆನೂ ಒಂದು ಚುಕ್ಕೆ ಪೂರ್ತಿ ತುಂಬಲ್ಲ, ಗೋಡೆ ಬಣ್ಣದ ಜೊತೆ ಬೆರೆತಿರುತ್ತೆ. ಎರಡೂ ಒಂದೇ ಬಣ್ಣ ಆದ್ರೆ ಎಲ್ಲಿ ಬೇರೆ ಮಾಡೋದು? ಆವಾಗ ತಾನು ಕಲಿತ ಸಾವಿರಾರು ತಲೆಗಳನ್ನ ನೆನೆಸ್ಕೊಂಡು, ತಲೆ ಅಂದ್ರೆ ಹೀಗೇ ಇರ್ಬೇಕು ಅಂತ ಗೆರೆ ಎಳೆಯುತ್ತೆ."

"ಮುಸುಕು?"

"ಅದರಲ್ಲಿ ಬಟ್ಟೆನೂ ಕಾಣುತ್ತೆ, ಹಿಂದಿನ ಗೋಡೆನೂ ಕಾಣುತ್ತೆ. ಈ ನಮ್ಮ ಸಾಫ್ಟ್‌ವೇರ್ ಒಂದು ಕಡೆ ಪೂರ್ತಿ ಇಟ್ಕೊಂಡಿದೆ, ಒಂದು ಕಡೆ ಪೂರ್ತಿ ಬಿಸಾಕಿದೆ." ಚಿತ್ರದ ಬೋಳು ಅಂಚಿನ ಮೇಲೆ ಬೆರಳಾಡಿಸಿ, "ಅದಕ್ಕೆ ಕಾಣಲ್ಲ. ನನಗೆ ಕಾಣ್ತಿತ್ತು, ನಾನೇ ನೋಡ್ಲಿಲ್ಲ," ಎಂದಳು.

ಮೂಲ ಫೋಟೊ ತೆರೆದು ಕೂತಳು. ಗೋಡೆ ಹಾಗೇ ಬಿಟ್ಟುಬಿಡಿ ಎಂದು ಮಾಲೀಕರು ಹೇಳಿದರೆ, "ಗೋಡೆ ಬೇಡ ಅಂದಿದ್ದಾಳಲ್ಲ ಆ ತಾಯಿ," ಎಂದು ಗದರಿದಳು. ಕಣ್ಣು ಚಿತ್ರಕ್ಕೆ ಅಂಟಿಸಿ, ಹಣೆಯ ಮೇಲೆ ಸ್ಪಷ್ಟವಾಗಿದ್ದ ಕೂದಲಿನಿಂದ ಬಣ್ಣ ತೆಗೆದುಕೊಂಡು, ಒಂದೊಂದೇ ಎಳೆ ಬಿಡಿಸಿದಳು. ಮುಸುಕಿನ ನೆರಿಗೆ ಇದ್ದಲ್ಲಿ ದಟ್ಟವಾಗಿ, ಇಲ್ಲದಲ್ಲಿ ಆಕಾಶ ಕಾಣುವಷ್ಟು ತೆಳುವಾಗಿ ಉಳಿಸಿದಳು. ಆಕೆಯ ಊಟದ ಡಬ್ಬಿ ದಿನವೂ ಹಾಗೇ ಮನೆಗೆ ವಾಪಸ್ಸು ಹೋಗುತ್ತಿತ್ತು.

ಕೆಲಸ ಮುಗಿದ ವಾರವೇ ಡ್ರೈವರ್ ಬಂದ. ಗಡ್ಡ ಬೆಳೆದಿತ್ತು. ಹೆಂಡತಿ ಹೇಗಿದ್ದಾಳೆ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಅಕ್ಕ ಹೊಸ ಫೋಟೊ ಮುಂದಿಟ್ಟಳು. ಅವನು ತುಂಬ ಹೊತ್ತು ನೋಡಿ, "ಹೀಗೇ ಇದ್ಲು," ಎಂದ. ಆಮೇಲೆ ಚೀಲದಿಂದ ಹಳೆಯ ಪ್ರಿಂಟ್ ತೆಗೆದ.

"ಅವಳ ದಿಂಬಿನ ಕೆಳಗೆ ಸಿಕ್ತು."

ಬೋಳು ತಲೆಯ ಸುತ್ತ, ನೀಲಿ ಆಕಾಶದ ಮೇಲೆ, ಪೆನ್ನಿನಿಂದ ಎಳೆದ ಗೆರೆಗಳಿದ್ದವು. ಕೆಲವು ಓರೆಯಾಗಿ ಕಿವಿಯ ಮೇಲೂ ಹಾದುಹೋಗಿದ್ದವು. ತನ್ನ ಕೂದಲನ್ನು ಆಕೆ ತಾನೇ ಬರೆದುಕೊಂಡಿದ್ದಳು, ಭುಜದವರೆಗೂ.

ಅಕ್ಕ ತಾನು ಬಿಡಿಸಿದ್ದನ್ನು ಅದರ ಪಕ್ಕಕ್ಕೆ ಸರಿಸಿದಳು.

"ನಿಮ್ಮದು ಚೆನ್ನಾಗಿದೆ ಅಕ್ಕಾ. ಆದ್ರೆ ನನಗೆ ಇದೇ ಇರಲಿ," ಎಂದು ಅವನು ಪೆನ್ನಿನ ಗೆರೆಯ ಫೋಟೊವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ.