ಕಳೆದು ಉಳಿದ ಎಲ್‌ಡಿಎಲ್

ನಾನು ಆರು ವರ್ಷ ಕೆಲಸ ಮಾಡಿದ ಲ್ಯಾಬಿನ ಮಾಲೀಕರಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತು. ವಿಜಯನಗರದಲ್ಲಿ ಲ್ಯಾಬು ತೆರೆಯುವ ಮೊದಲು ಅವರು ಬಾತ್‌ರೂಮಿನ ಟೈಲ್ಸ್ ಮಾರುತ್ತಿದ್ದರು. ಲ್ಯಾಬನ್ನೂ ಅದೇ ಬುದ್ಧಿಯಿಂದ ನಡೆಸಿದರು. ಬಂದವರ ಕಣ್ಣಿಗೆ ಬೀಳುವ ಕಡೆ ಹೊಳಪಿರಬೇಕು, ಹಿಂದುಗಡೆ ಏನಿದೆ ಎಂದು ಯಾರೂ ಕೇಳಬಾರದು. ಕಾಯುವವರಿಗೆ ಮೆತ್ತನೆಯ ಕುರ್ಚಿ, ಮೀನಿನ ತೊಟ್ಟಿ. ಒಳಗೆ ನಾನು, ಒಂದು ಸೆಂಟ್ರಿಫ್ಯೂಜು, ಒಂದು ಅನಲೈಸರ್ ಮತ್ತು ಬಾಗಿಲು ಸರಿಯಾಗಿ ಮುಚ್ಚದ ಫ್ರಿಜ್ಜು.

ವರದಿಗೆ ಸಹಿ ಹಾಕಬೇಕಾದ ಪೆಥಾಲಜಿಸ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಬಂದವರು ಮೈಕ್ರೋಸ್ಕೋಪಿನ ಹತ್ತಿರ ಹೋದದ್ದನ್ನು ನಾನು ನೋಡಿಲ್ಲ. ಲ್ಯಾಬಿನ ಹೆಸರು ಅಚ್ಚಾಗಿದ್ದ ಖಾಲಿ ಹಾಳೆಗಳ ಕಟ್ಟನ್ನು ಮುಂದಿಟ್ಟುಕೊಂಡು, ಕಾಫಿ ಕುಡಿಯುತ್ತ, ಕೆಳಗಿನ ಮೂಲೆಯಲ್ಲಿ ಸಹಿ ಮಾಡುತ್ತ ಹೋಗುತ್ತಿದ್ದರು. ಮುಂದಿನ ವಾರ ಯಾರಿಗೆ ಯಾವ ಕಾಯಿಲೆ ಬಂದರೂ ಅದಕ್ಕೆ ಅವರ ಒಪ್ಪಿಗೆ ಮುಂಚಿತವಾಗಿಯೇ ಸಿಕ್ಕಿರುತ್ತಿತ್ತು.

ಕೊಲೆಸ್ಟರಾಲ್ ಪರೀಕ್ಷೆಗೆ ಬಂದವರ ರಕ್ತದಲ್ಲಿ ನಾವು ಮೂರನ್ನು ಅಳೆಯುತ್ತಿದ್ದೆವು: ಒಟ್ಟು ಕೊಲೆಸ್ಟರಾಲ್, ಒಳ್ಳೆಯದೆಂದು ಜನ ಹೇಳುವ ಎಚ್‌ಡಿಎಲ್, ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬು. ಕೆಟ್ಟದೆಂದು ಹೆಸರಾದ ಎಲ್‌ಡಿಎಲ್ ಅನ್ನು ಅಳೆಯುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದೆವು. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಬೇಕು. ಆ ಕೊಬ್ಬನ್ನು ಹೊತ್ತು ತಿರುಗುವ ಕಣಗಳಲ್ಲಿ ಇರುವ ಕೊಲೆಸ್ಟರಾಲ್ ಸುಮಾರು ಅಷ್ಟು. ಅದನ್ನೂ ಎಚ್‌ಡಿಎಲ್ಲನ್ನೂ ಒಟ್ಟಿನಿಂದ ಕಳೆದರೆ ಉಳಿಯುವುದು ಎಲ್‌ಡಿಎಲ್. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ, ಟ್ರೈಗ್ಲಿಸರೈಡ್ ಹದವಾಗಿ ಇರುವವರಿಗೆ ಈ ಲೆಕ್ಕ ಚೆನ್ನಾಗಿಯೇ ನಡೆಯುತ್ತದೆ. ನಾನೂರು ದಾಟಿತೋ, ಐದರ ಲೆಕ್ಕ ಸುಳ್ಳಾಗುತ್ತದೆ. ಕಳೆಯಬೇಕಾದ್ದಕ್ಕಿಂತ ಹೆಚ್ಚು ಕಳೆದುಬಿಡುತ್ತೇವೆ, ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇದು ಡಿಪ್ಲೊಮಾದಲ್ಲಿ ನಮಗೆ ಹೇಳಿಕೊಟ್ಟ ಪಾಠ. ಹಾಗಾಗಿ ಕೈಯಲ್ಲಿ ವರದಿ ಬರೆಯುತ್ತಿದ್ದ ಕಾಲದಲ್ಲಿ, ಟ್ರೈಗ್ಲಿಸರೈಡ್ ನಾನೂರು ಮೀರಿದರೆ ಎಲ್‌ಡಿಎಲ್ ಎದುರಿಗೆ ‘ಲೆಕ್ಕ ಹಾಕಲಾಗದು’ ಎಂದು ಬರೆಯುತ್ತಿದ್ದೆ.

ಮಾಲೀಕರಿಗೆ ಅದು ಹಿಡಿಸುತ್ತಿರಲಿಲ್ಲ.

“ಏನಮ್ಮ ಇದು? ದುಡ್ಡು ಕೊಟ್ಟವ್ರಿಗೆ ಆಗೋದಿಲ್ಲ ಅಂತ ಬರ್ಕೊಡ್ತೀಯಲ್ಲ!”

“ಲೆಕ್ಕ ಸರಿ ಬರೋದಿಲ್ಲ ಸಾರ್. ಇಂಥವ್ರಿಗೆ ಎಲ್‌ಡಿಎಲ್ ನೇರವಾಗೇ ಅಳೀಬೇಕು. ಅದಕ್ಕೆ ಈಗ ಮಾರ್ಕೆಟ್ಟಿಗೆ ಕಿಟ್ ಬಂದಿದೆ.”

“ಎಲ್ಲಾರ್ಗೂ ಬರೋ ಲೆಕ್ಕ ನಿಂಗೆ ಮಾತ್ರ ಬರೋದಿಲ್ವಾ?” ಎಂದು ನಕ್ಕರು. ಕಿಟ್ಟಿನ ಮಾತು ಅಲ್ಲಿಗೇ ಮುಗಿಯಿತು.

ಎರಡು ಸಾವಿರದ ಆಸುಪಾಸಿನಲ್ಲಿ ಲ್ಯಾಬಿಗೆ ಕಂಪ್ಯೂಟರ್ ಬಂತು. ನಾನು ಮೂರು ಸಂಖ್ಯೆ ತುಂಬಿದರೆ ಸಾಕು, ನಾಲ್ಕನೆಯದನ್ನು ಅದೇ ಕಳೆದು ಅಚ್ಚು ಹಾಕುತ್ತಿತ್ತು. ನಾನೂರರ ಮಿತಿಯ ವಿಚಾರ ಅದಕ್ಕೆ ಯಾರೂ ಹೇಳಿರಲಿಲ್ಲ. ಮೊದಲ ತಿಂಗಳೇ ಒಬ್ಬ ಕಂಟ್ರಾಕ್ಟರರ ವರದಿ ಬಂತು: ಒಟ್ಟು 231, ಎಚ್‌ಡಿಎಲ್ 28, ಟ್ರೈಗ್ಲಿಸರೈಡ್ 1210. ಎಲ್‌ಡಿಎಲ್ ಎದುರಿಗೆ –39. ಮನುಷ್ಯನ ಮೈಯಲ್ಲಿ ಸೊನ್ನೆಗಿಂತ ಕಡಿಮೆ ಕೊಲೆಸ್ಟರಾಲ್! ಇನ್ನಾದರೂ ಅರ್ಥವಾದೀತು ಎಂದು ನಾನು ಹಾಳೆ ಹಿಡಿದುಕೊಂಡು ಹೋದೆ. ಮಾಲೀಕರು ಕನ್ನಡಕ ಏರಿಸಿ ನೋಡಿದರು, ಕಂಪ್ಯೂಟರಿನವನನ್ನು ಕರೆಸಿದರು. ಅವನು ಅರ್ಧ ಗಂಟೆ ಕೂತು ಸರಿಮಾಡಿದ. ಏನು ಸರಿಮಾಡಿದ ಎಂದರೆ, ಅಂದಿನಿಂದ ಕಳೆಯುವ ಚಿಹ್ನೆ ಅಚ್ಚಾಗುವುದು ನಿಂತಿತು. ಕಂಟ್ರಾಕ್ಟರರಿಗೆ 39 ಎಂದು ವರದಿ ಹೋಯಿತು. ಅಂಥ ಎಲ್‌ಡಿಎಲ್ ಎಳೆ ಮಗುವಿಗಾದರೂ ಇರುತ್ತದೋ ಇಲ್ಲವೋ.

ನಾನು ಮಾಲೀಕರನ್ನು ಮನಸ್ಸಿನಲ್ಲೇ ಎಷ್ಟು ಕೀಳಾಗಿ ಕಂಡೆನೋ ಹೇಳಲಾರೆ. ಆದರೆ ಮರುದಿನ ಬೆಳಗ್ಗೆ ಏಳಕ್ಕೆ ಅಶೋಕಪುರಂನಿಂದ ಬಸ್ಸು ಹಿಡಿದು ಮತ್ತೆ ಅಲ್ಲಿಗೇ ಹೋದೆ, ಆ ಕಂಪ್ಯೂಟರಿಗೇ ಸಂಖ್ಯೆ ತುಂಬಿದೆ.

ಹಿನಕಲ್‌ನಿಂದ ಒಬ್ಬ ಹೆಂಗಸು ಬಂದದ್ದು ಅದಾದ ಮೇಲೆ. ಐವತ್ತರ ಹತ್ತಿರದ ವಯಸ್ಸು. ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಬಂದವರೇ ನನ್ನ ಕೋಟಿನ ತೋಳು ಹಿಡಿದು, “ಇದ್ಯಾರಮ್ಮ ಹೊಲ್ದಿದ್ದು? ಕಂಕುಳಲ್ಲಿ ಹಿಡೀತಾದೆ, ಬಿಚ್ಕೊಡು, ಸರಿ ಮಾಡ್ಕೊಡ್ತೀನಿ” ಎಂದರು. ಸಕ್ಕರೆ ಕಾಯಿಲೆ ಏಳೆಂಟು ವರ್ಷದ್ದು. ಅಣ್ಣ ನಲವತ್ತೈದಕ್ಕೇ ಎದೆನೋವು ಬಂದು ತೀರಿಕೊಂಡಿದ್ದರಂತೆ. ಅದಕ್ಕೇ ಅವರ ಡಾಕ್ಟರು ಎಲ್‌ಡಿಎಲ್ ನೋಡಿ ಅದನ್ನು ಇಳಿಸುವ ಮಾತ್ರೆ ಶುರುಮಾಡುವ ವಿಚಾರ ಮಾಡೋಣ, ನೂರರ ಮೇಲಿದ್ದರೆ ಬಿಡುವ ಹಾಗಿಲ್ಲ ಎಂದು ಕಳಿಸಿದ್ದರು.

“ಏನೂ ತಿಂದಿಲ್ಲ ತಾನೆ?” ಎಂದೆ.

“ಉಪ್ಪಿಟ್ಟು ತಿಂದ್ಬುಟ್ಟೆ ಕಣಮ್ಮ. ಮುಂದ್ಗಡೆ ಕೂತವ್ರು ಏನೂ ಪರವಾಗಿಲ್ಲ ಅಂದ್ರು.”

ಮುಂದುಗಡೆ ಕೂತಿದ್ದವರು ಮಾಲೀಕರು. ಬಂದ ಗಿರಾಕಿಯನ್ನು ಹಸಿದುಕೊಂಡು ನಾಳೆ ಬನ್ನಿ ಎನ್ನುವುದು ಅವರ ಜಾಯಮಾನವಲ್ಲ.

ರಕ್ತ ತೆಗೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ರಕ್ತಕಣಗಳ ಮೇಲೆ ತಿಳಿ ಹಳದಿಯಾಗಿ ನಿಲ್ಲಬೇಕಾದ ಸೀರಂ ಹಾಲಿನ ಹಾಗೆ ಬೆಳ್ಳಗಿತ್ತು. ಅದರ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತಿರಲಿಲ್ಲ. ಒಟ್ಟು 252, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 760. ಕಂಪ್ಯೂಟರ್ 152 ಕಳೆಯಿತು, 30 ಕಳೆಯಿತು, 70 ಎಂದು ಹಾಕಿತು.

ಮಾಲೀಕರ ಬಳಿಗೆ ಹೋಗಿ, “ಇದನ್ನ ಕೊಡೋದು ಬೇಡ ಸಾರ್, ಹಸಿದ ಹೊಟ್ಟೇಲಿ ಇನ್ನೊಂದ್ಸಲ ನೋಡೋಣ” ಎಂದೆ. ಅವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಆಗಲೇ ಕಾಯುತ್ತಿದ್ದ ಆ ಹೆಂಗಸಿನ ಕಡೆ ತಿರುಗಿ ದೊಡ್ಡ ದನಿಯಲ್ಲಿ, “ಬನ್ನಿ ತಾಯಿ, ನಿಮ್ಮ ಕೆಟ್ಟ ಕೊಬ್ಬು ಬರೀ ಎಪ್ಪತ್ತು! ಇಪ್ಪತ್ತರ ಹುಡ್ಗೀರಿಗೂ ಇಷ್ಟು ಕಡ್ಮೆ ಇರಲ್ಲ ಕಣ್ರೀ” ಎಂದರು. ಮೀನಿನ ತೊಟ್ಟಿಯ ಪಕ್ಕ ಕೂತವರೆಲ್ಲ ತಿರುಗಿ ನೋಡಿದರು. ಆಕೆಗೆ ನಾಚಿಕೆ, ಖುಷಿ ಎರಡೂ. ಟ್ರೈಗ್ಲಿಸರೈಡಿನ ಸಾಲಿಗೆ ಯಾರೂ ಬೆರಳಿಡಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಆಕೆ ನನಗೆ ಕೈಬೀಸಿ ಹೋದರು. ಓಡಿಹೋಗಿ ರಸ್ತೆಯಲ್ಲಿ ನಿಲ್ಲಿಸಿ ಹೇಳಬಹುದಿತ್ತು. ಒಳಗೆ ಹೋಗಿ ಮುಂದಿನ ಟ್ಯೂಬು ತೆಗೆದುಕೊಂಡೆ.

ಎಪ್ಪತ್ತು ಬಂದ ಮೇಲೆ ಡಾಕ್ಟರ ಹತ್ತಿರ ಯಾಕೆ ಎಂದು ಆಕೆ ಹೋಗಲೇ ಇಲ್ಲ. ಎರಡು ತಿಂಗಳಾದ ಮೇಲೆ, ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು. ಕೂತರೆ ಬಿಟ್ಟಿತು, ಹತ್ತಿದರೆ ಮತ್ತೆ ಹಿಡಿಯಿತು. ಆಗ ಡಾಕ್ಟರ ಬಳಿಗೆ ಓಡಿದರು. ಮಾತ್ರೆ ಅಂದೇ ಶುರುವಾಗಿದ್ದರೆ ಆ ನೋವು ಬರುತ್ತಿರಲಿಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಆ ಎರಡು ತಿಂಗಳು ಅವರನ್ನು ಯಾರೂ ನೋಡದಂತೆ ಮಾಡಿದ್ದು ನಮ್ಮ ಹಾಳೆ.

ಮೂರನೇ ದಿನ ಆ ಡಾಕ್ಟರು ಲ್ಯಾಬಿಗೆ ಬಂದರು. ಸಣ್ಣ ಮೈಕಟ್ಟಿನ ವಯಸ್ಸಾದವರು, ಸ್ಕೂಟರಿನ ಧೂಳು ಅಂಗಿಯ ಮೇಲೆ ಹಾಗೇ ಇತ್ತು. ಆ ಹೆಂಗಸೂ ಜೊತೆಯಲ್ಲಿದ್ದರು. ಡಾಕ್ಟರು ನಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು, “ಈ ಎಪ್ಪತ್ತು ಅಳೆದದ್ದೋ, ಕಳೆದದ್ದೋ?” ಎಂದರು.

“ಎಲ್ಲಾ ಕಂಪ್ಯೂಟರೈಸ್ಡ್ ಸಾರ್,” ಎಂದರು ಮಾಲೀಕರು.

“ಕಂಪ್ಯೂಟರ್ ರಕ್ತ ತೆಗೀತದಾ? ಟ್ರೈಗ್ಲಿಸರೈಡ್ ಏಳ್ನೂರರವತ್ತು ಅಂತ ನೀವೇ ಹಾಕಿದೀರಿ. ಅದರ ಕೆಳಗೇ ಕಳೆದ ಲೆಕ್ಕ ಹಾಕಿದೀರಿ. ಸಹಿ ಮಾಡಿದವರನ್ನ ಕರೀರಿ.”

“ಅವ್ರು ಬುಧವಾರ ಬರ್ತಾರೆ.”

“ಈ ವರದಿ ಶನಿವಾರದ್ದು. ಬುಧವಾರ ಬರೋರು ಶನಿವಾರ ಹೇಗ್ರೀ ಸಹಿ ಮಾಡಿದ್ರು?”

ಮಾಲೀಕರು ಹಣೆ ಒರೆಸಿಕೊಂಡು, “ಆ ಹುಡ್ಗಿ ಏನೋ ತಪ್ಪು ತುಂಬಿರ್ಬೇಕು ಸಾರ್” ಎಂದು ನನ್ನ ಕಡೆ ಕೈ ತೋರಿಸಿದರು. ಆಗ ನನಗೆ ಸಿಟ್ಟು ಬರಲಿಲ್ಲ. ಅಸಹ್ಯವಾಯಿತು. ಸಹಿ ಬಿದ್ದ ಖಾಲಿ ಹಾಳೆಗಳ ಕಟ್ಟನ್ನು ಡ್ರಾಯರಿನಿಂದ ತೆಗೆದು ಡಾಕ್ಟರ ಮುಂದೆ ಇಟ್ಟೆ. ಉಪ್ಪಿಟ್ಟು, ಹಾಲಿನಂಥ ಸೀರಂ, ಕಂಟ್ರಾಕ್ಟರರ ಅಳಿಸಿದ ಚಿಹ್ನೆ ಎಲ್ಲವನ್ನೂ ಹೇಳಿದೆ.

ಡಾಕ್ಟರು ಆ ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಕೇಳಿದ್ದು ಆ ಹೆಂಗಸು.

“ಅವತ್ತೇ ಗೊತ್ತಿತ್ತೇನಮ್ಮ ನಿಂಗೆ?”

“ಗೊತ್ತಿತ್ತು.”

“ನಾನು ಕೈ ಬೀಸ್ದಾಗ್ಲೂ ಗೊತ್ತಿತ್ತಾ?”

ತಲೆಯಾಡಿಸಿದೆ. ಆಕೆ ಬಯ್ಯಲಿಲ್ಲ. “ಎಂಗೆ ಸುಮ್ನಿದ್ದೆ?” ಎಂದಷ್ಟೇ ಕೇಳಿದರು. ಆ ದನಿಯಲ್ಲಿ ನಿಜವಾಗಿ ತಿಳಿದುಕೊಳ್ಳುವ ಆಸೆಯಿತ್ತು. ಟೈಲ್ಸ್ ಮಾರಿದವರಿಗೆ ತಿಳಿಯುತ್ತಿರಲಿಲ್ಲ, ಸಹಿ ಮಾಡಿದವರು ನೋಡಿರಲಿಲ್ಲ. ತಿಳಿದೂ ನೋಡಿಯೂ ಸುಮ್ಮನಿದ್ದವಳು ನಾನೊಬ್ಬಳೇ. ಅಷ್ಟು ದಿನ ಅವರಿಬ್ಬರ ಮೇಲೆ ಇಟ್ಟುಕೊಂಡಿದ್ದ ತಿರಸ್ಕಾರದಲ್ಲಿ ನನ್ನ ಪಾಲನ್ನು ತೆಗೆದಿಡಬೇಕಾಯಿತು.

ಡಾಕ್ಟರು ಆಕೆಯನ್ನು ಹನ್ನೆರಡು ಗಂಟೆ ಹಸಿದಿರಲು ಹೇಳಿ ಬೇರೊಂದು ಲ್ಯಾಬಿಗೆ ಕಳಿಸಿದರು. ಆಗಲೂ ಟ್ರೈಗ್ಲಿಸರೈಡ್ 620. ಒಟ್ಟು 246, ಎಚ್‌ಡಿಎಲ್ 31. ನಮ್ಮ ಲೆಕ್ಕ ಹಿಡಿದರೆ ಎಲ್‌ಡಿಎಲ್ 91, ನೂರರ ಒಳಗೆ. ನೇರವಾಗಿ ಅಳೆದಾಗ ಬಂದದ್ದು 127. ಮಾತ್ರೆ ಶುರುವಾಯಿತು, ಸಕ್ಕರೆಯ ಔಷಧಿಯನ್ನೂ ಹೆಚ್ಚಿಸಿದರು, ಹೃದಯದ ಚಿಕಿತ್ಸೆಯೂ ನಡೆಯಿತು. ಕೆಲವು ತಿಂಗಳಲ್ಲಿ ಟ್ರೈಗ್ಲಿಸರೈಡ್ 210ಕ್ಕೆ ಇಳಿಯಿತು. ಆಗ ಕಳೆದ ಲೆಕ್ಕವೂ ನೇರ ಅಳತೆಯೂ ಹೆಚ್ಚುಕಡಿಮೆ ಒಂದೇ ಆದವಂತೆ. ಇನ್ನು ಮುಂದೆ ಲೆಕ್ಕವೇ ಸಾಕು ಎಂದು ಡಾಕ್ಟರು ಹೇಳಿದರೆಂದು ಆಕೆಯೇ ನನಗೆ ತಿಳಿಸಿದರು. ಹೊಲಿಗೆ ಕ್ಲಾಸು ನಿಲ್ಲಲಿಲ್ಲ.

ಮಾಲೀಕರಿಗೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ನನ್ನನ್ನೂ ಅವರು ಕೆಲಸದಿಂದ ತೆಗೆಯಲಿಲ್ಲ, ಆ ಸಂಬಳಕ್ಕೆ ಇನ್ನೊಬ್ಬರು ಸಿಗುತ್ತಿರಲಿಲ್ಲ. ಪೆಥಾಲಜಿಸ್ಟರು ವಾರಕ್ಕೆ ಎರಡು ದಿನ ಬರತೊಡಗಿದರು, ಎರಡು ಕಟ್ಟು ಹಾಳೆಗೆ ಸಹಿ ಹಾಕಿದರು. ಒಂದು ತಿಂಗಳಲ್ಲಿ ಬಾಗಿಲ ಮೇಲೆ ಹೊಸ ಬೋರ್ಡು ಬಂತು: ‘ಇಲ್ಲಿ ಎಲ್‌ಡಿಎಲ್ ನೇರವಾಗಿ ಅಳೆಯಲಾಗುತ್ತದೆ’. ಕಿಟ್ ತರಿಸಿದ್ದರು. ನನಗೆ ಒಂದು ಕ್ಷಣ ಸಂತೋಷವೂ ಆಯಿತು. ಆಮೇಲೆ ನೋಡಿದರೆ, ಬಂದವರೆಲ್ಲರಿಗೂ ಅದೇ. ಟ್ರೈಗ್ಲಿಸರೈಡ್ ನೂರು ನೂರಿಪ್ಪತ್ತು ಇದ್ದು, ಕಳೆದರೆ ಸರಿಯಾಗಿಯೇ ಸಿಗುತ್ತಿದ್ದ ಆರೋಗ್ಯವಂತರಿಗೂ ದುಬಾರಿ ಪರೀಕ್ಷೆ ಬರೆಯುತ್ತಿದ್ದರು.

“ಇವ್ರಿಗೆ ಬೇಕಾಗಿಲ್ಲ ಸಾರ್, ಲೆಕ್ಕ ಸಾಕು,” ಎಂದೆ ಒಮ್ಮೆ.

“ಅವತ್ತು ಲೆಕ್ಕ ಬೇಡ ಅಂದೆ. ಇವತ್ತು ಅಳತೆ ಬೇಡ ಅಂತೀಯ. ನಿಂಗೆ ಏನಾದ್ರೂ ಒಂದು ತಕರಾರು ಇರ್ಲೇಬೇಕು ಕಣಮ್ಮ!”

ಅವರು ನಿಜವಾಗಿಯೂ ನೊಂದುಕೊಂಡಿದ್ದರು. ಆರು ವರ್ಷದಲ್ಲಿ ಆ ಮನುಷ್ಯನ ತಲೆಗೆ ಹೋದದ್ದು ಇಷ್ಟೇ. ಅವರಿಗೆ ಅರ್ಥ ಮಾಡಿಸಲು ನಾನು ಮತ್ತೆ ಪ್ರಯತ್ನಿಸಲಿಲ್ಲ. ಆ ತಿಂಗಳ ಕೊನೆಗೆ ಕೆಲಸ ಬಿಟ್ಟು ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ಅಲ್ಲಿ ಕುರ್ಚಿಗಳು ಮುರಿದಿದ್ದವು, ವರದಿಗೆ ಸಹಿ ಹಾಕುವವರು ಮೊದಲು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.