ಬಂಡೆಯಡಿಯ ಕಡ್ಡಿಗಳು

ಬಾಗಲೂರಿನಾಚೆಯ ಒಂದು ಸ್ಕೂಲಿನಲ್ಲಿ ನಾನು ಹನ್ನೊಂದನೇ ತರಗತಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪುಸ್ತಕದ ಲೆಕ್ಕಗಳಲ್ಲಿ ಬರುವ ಕ್ರೇನು, ರಾಕೆಟ್ಟುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗಾಗಿ ವರ್ಕ್‌ಶೀಟನ್ನು ನಾನೇ ಬರೆಯುವುದು. ಆ ಸಲ ಊರ ಗುಡ್ಡದ ಮೇಲಿನ ಬಂಡೆಯನ್ನೇ ಕಣ್ಣಳತೆಯಲ್ಲಿ ಲೆಕ್ಕಕ್ಕೆ ಇಳಿಸಿದ್ದೆ. ತೂಕ ನಾಲ್ಕು ಸಾವಿರ ಕಿಲೋ, ಎತ್ತರ ಮೂವತ್ತು ಮೀಟರ್, ಬಂಡೆ ನಿಶ್ಚಲ. ಚಲನ ಶಕ್ತಿ ಎಷ್ಟು, ಪ್ರಚ್ಛನ್ನ ಶಕ್ತಿ ಎಷ್ಟು?

ಒಬ್ಬ ಹುಡುಗಿ ಹನ್ನೆರಡು ಲಕ್ಷ ಜೌಲ್ ಅನ್ನು ಚಲನ ಶಕ್ತಿಯ ಕಡೆ ಬರೆದು, ಪ್ರಚ್ಛನ್ನಕ್ಕೆ ಸೊನ್ನೆ ಹಾಕಿದ್ದಳು. ಕರೆದು ಗದರಿದೆ.

"ನಿಂತಿರೋದಕ್ಕೆ ಚಲನ ಶಕ್ತಿ ಎಲ್ಲಿಂದ ಬರುತ್ತೆ?"

"ಅದು ನಿಂತಿಲ್ಲ ಟೀಚರ್. ನಮ್ಮನೆ ಅದರ ಕೆಳಗೇ ಐತೆ. ಅದರಡಿ ಇಟ್ಟ ಕಡ್ಡಿಗಳು ಮುರೀತಾವೆ."

ಸಂಜೆ ಅವಳ ಜೊತೆ ಗುಡ್ಡ ಹತ್ತಿದೆ. ಬಂಡೆಯ ಅಂಚಿನಡಿ ಒಂದು ಕೈ ತೂರುವಷ್ಟು ಸಂದು. ಬಂಡೆ ಬೀಳದಿರಲೆಂದು ಪ್ರತಿ ವರ್ಷ ಉಳುಮೆಗೆ ಮುಂಚೆ ಅವಳ ಮನೆಯವರು ಅಲ್ಲಿ ಬೇವಿನ ಕಡ್ಡಿಗಳನ್ನು ಆನಿಸಿ ನಿಲ್ಲಿಸುತ್ತಾರಂತೆ, ಅವರಜ್ಜಿಯ ಕಾಲದ ಪದ್ಧತಿ. ಒಳಗಡೆಯ ಹಳೆಯವು ಒಣಗಿ ನೆಟ್ಟಗಿದ್ದವು. ಈ ವರ್ಷದ ಹಸಿ ಕಡ್ಡಿಗಳು ಮಾತ್ರ ಹೊರ ಅಂಚಿನಲ್ಲಿ ಬಿಲ್ಲಿನಂತೆ ಬಗ್ಗಿದ್ದವು. ಗಾಳಿಯಿರಲಿಲ್ಲ, ಬಗ್ಗಿಸಿದ್ದು ಹೊರಕ್ಕೆ ವಾಲುತ್ತಿದ್ದ ಬಂಡೆಯೇ. ನಾನು ನೋಡುತ್ತಿದ್ದಂತೆಯೇ ಒಂದು ಕಡ್ಡಿ ಟಿಕ್ಕೆಂದಿತು. ನನಗೆ ಭಯವಾಯಿತು, ಸಂದಿಗೆ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡೆ.

ಕೆಳಗಿಳಿದು ಅವರ ಮನೆಗೆ ಬಂದರೆ ಅವಳ ಅಪ್ಪ ಹೊಸೂರಿನ ಫ್ಯಾಕ್ಟರಿಯಿಂದ ಬಂದವನು ಅಂಗಳದಲ್ಲೇ ನಿಂತಿದ್ದ. ಮನೆ ಬಿಡುವ ಮಾತೆತ್ತಿದರೆ ಸಿಡುಕುವ ಮನುಷ್ಯ ಎಂದು ಮಗಳು ಮೊದಲೇ ಹೇಳಿದ್ದಳು. ಆದರೂ ಇನ್ನು ಇಲ್ಲಿ ಮಲಗಬೇಡಿ ಎಂದೆ.

"ಬಂಡೆ ಶಕ್ತಿ ಸೊನ್ನೆ ಅಂತ ನೀವೇ ಬರೆಸಿದ್ದೀರಂತೆ ಟೀಚರಮ್ಮ. ಮತ್ಯಾಕೆ ಹೆದರಿಸ್ತೀರಿ?"

"ಸೊನ್ನೆ ಅನ್ನೋದು ಚಲನ ಶಕ್ತಿಗೆ ಮಾತ್ರ. ಅದು ತೆವಳ್ತಿದ್ರೂ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಹನ್ನೆರಡು ಲಕ್ಷವೂ ಎತ್ತರದಲ್ಲೇ ಕೂತಿದೆ, ಇನ್ನೂ ಖರ್ಚಾಗಿಲ್ಲ. ಐವತ್ತು ಕಿಲೋ ರಾಗಿ ಮೂಟೆನ ಎರಡು ಮೀಟರ್ ಮೇಲಕ್ಕೆ ಎತ್ತಿದ್ರೆ ಸಾವಿರ ಜೌಲ್ ಕೆಲಸ. ಅಂಥ ಸಾವಿರದಿನ್ನೂರು ಮೂಟೆ ಆ ಎರಡು ಮೀಟರಿಂದ ಒಟ್ಟಿಗೆ ಬಿದ್ದಂಗೆ. ಉರುಳುವಾಗ ಮಣ್ಣಿಗೆ, ಶಬ್ದಕ್ಕೆ ಒಂದಿಷ್ಟು ಹೋದೀತು. ಮಿಕ್ಕಿದ್ದೆಲ್ಲ ಚಲನ ಶಕ್ತಿಯಾಗಿ ನಿಮ್ಮ ಗೋಡೆಗೇ."

ಆತ ಮೇಲೆ ನೋಡಿದ. ಸಂಜೆಯ ಬೆಳಕಿನಲ್ಲಿ ಬಂಡೆ ಹಗಲಿಗಿಂತ ಹತ್ತಿರ ಕಂಡಿತು. ಒಳಗೆ ಅಜ್ಜಿ ಮೊಮ್ಮಗುವನ್ನು ತಟ್ಟಿ ಮಲಗಿಸುತ್ತಿದ್ದಳು, ಅದೇ ಗೋಡೆಗೆ ಒರಗಿ.

"ಯಾವಾಗ ಬೀಳ್ತದೆ?"

"ಆ ಲೆಕ್ಕ ಇದರಲ್ಲಿ ಬರಲ್ಲ."

ಆತ ಒಳಹೋಗಿ ಮಗುವನ್ನು ಎತ್ತಿಕೊಂಡ, ಅಜ್ಜಿಯ ಕೈ ಹಿಡಿದು ಎಬ್ಬಿಸಿದ. "ಎದ್ದೇಳವ್ವ, ತಂಗಿ ಮನೆಗೆ ಹೋಗವ."

ಬಂಡೆ ಇವತ್ತಿಗೂ ಅಲ್ಲೇ ಇದೆ. ಹುಡುಗಿ ಎರಡು ಉತ್ತರವನ್ನೂ ಸರಿಯಾಗಿ ಬರೆದು ತಂದಳು, ಪೂರ್ತಿ ಅಂಕ ಕೊಟ್ಟೆ. ಆ ಮನೆಯಲ್ಲಿ ಈಗ ಯಾರೂ ಮಲಗುವುದಿಲ್ಲ. ಆದರೂ ಹಸಿ ಬೇವಿನ ಕಡ್ಡಿ ಸಿಕ್ಕಿದರೆ ಅಪ್ಪ, ಮಗಳು ಗುಡ್ಡ ಹತ್ತಿ ಆನಿಸಿ ಬರುತ್ತಾರೆ. ಅವರನ್ನು ತಡೆಯಲು ನನ್ನ ಹತ್ತಿರ ಯಾವ ಸೂತ್ರವೂ ಇಲ್ಲ.