ಹದಿನಾರನೇ ತಾರೀಕಿನ ಮಳೆ

ಠಾಣೆ ಪಟ್ಟಣದ ಪಕ್ಕದ ಕಳವಾ ಎಂಬ ಊರಿನ ನಮ್ಮ ಚಾಳಿನಲ್ಲಿ ವಿಮಲಾ ಸೀರೆಗೆ ಫಾಲ್ ಹೊಲಿಯುತ್ತಾಳೆ. ಅವಳ ಕೈಗೂ ಹೆಸರಿದೆ, ಬಾಯಿಗೂ ಹೆಸರಿದೆ. ಗಂಡನ ಫೋಟೊ ಮಾತ್ರ ಗೋಡೆಯ ಮೇಲಿಲ್ಲ. ಕೇಳಿದರೆ, "ಕುಡ್ದು ಗಟಾರಕ್ಕೆ ಬಿದ್ದವ್ನಿಗೆ ಹಾರ ಒಂದು ಕೇಡು" ಎನ್ನುತ್ತಾಳೆ.

ಗಂಡ ದಯಾನಂದ ಠಾಣೆಯ ಹೋಟೆಲೊಂದರಲ್ಲಿ ವೇಟರ್ ಆಗಿದ್ದ. ಅವನು ಸತ್ತ ಜುಲೈಯಲ್ಲಿ ಇವಳು ಬಾಣಂತನಕ್ಕೆ ಕುಂದಾಪುರದ ತವರಿಗೆ ಹೋಗಿದ್ದಳು. ಹೋಟೆಲಿನ ಸೇಟ್ ಫೋನ್ ಮಾಡಿದ: "ನಿನ್ನೆ ಹದಿನೈದಕ್ಕೆ ಮಧ್ಯಾಹ್ನ ಡ್ಯೂಟಿ ಬಿಟ್ಟು ಹೋದವ, ಇವತ್ತು ಬೆಳಿಗ್ಗೆ ಗಟಾರದಲ್ಲಿ ಸಿಕ್ಕಿದ. ಮಳೆ ಗಿಳೆ ಏನಿರ್ಲಿಲ್ಲ. ಕುಡ್ದಿರ್ಬೇಕು." ಜುಲೈಯ ಮಳೆಯನ್ನು ತಾರೀಕು ಹಿಡಿದು ನೆನಪಿಡುವವರು ಈ ಊರಿನಲ್ಲಿ ಯಾರಿದ್ದಾರೆ? ಆಗ ಇಲ್ಲಿರದಿದ್ದ ಅತ್ತೆ ಶ್ರೀಮತಿ ಮಾತ್ರ ಮಗ ಕುಡಿಯುವವನಲ್ಲ ಎಂದು ಹೇಳುತ್ತಲೇ ಇದ್ದಳು. "ಹಾಗಾದ್ರೆ ಮಳೆ ಇಲ್ದೆ ಮುಳುಗಿದ್ನಾ?" ಎಂದು ವಿಮಲಾ ಅವಳ ಬಾಯಿ ಮುಚ್ಚಿಸುತ್ತಿದ್ದಳು. ಮನೆಯಲ್ಲಿದ್ದ ಒಂದೇ ಫೋಟೊ ಮುದುಕಿಯ ತಲೆದಿಂಬಿನ ಕೆಳಗಿತ್ತು. ಕಳೆದ ವರ್ಷ ಅವಳು ತೀರಿಕೊಂಡಾಗ ಸೊಸೆ ಅದನ್ನೂ ಚಿತೆಗೆ ಹಾಕಿಸಿದಳು.

ಮಗಳು ರಮಿತಾ ಒಂಬತ್ತನೇ ಕ್ಲಾಸು. ಹುಟ್ಟಿದ ವರ್ಷದ ಜುಲೈ ಮಳೆಯನ್ನು ಕಳೆದ ವರ್ಷದ್ದಕ್ಕೆ ಹೋಲಿಸುವುದು ಅವಳ ವಿಜ್ಞಾನದ ಪ್ರಾಜೆಕ್ಟು. ವೈಶಾಲಿ ಟೀಚರ್ ಹೇಳಿದಂತೆ ಹವಾಮಾನ ಕಚೇರಿಗೆ ಪತ್ರ ಬರೆದಳು: ಯಾವ ಮಾಪನ ಕೇಂದ್ರ, ಯಾವ ತಿಂಗಳು, ಯಾತಕ್ಕೆ, ಅಂಕಿಗಳನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂಬ ಮಾತು. ಶಾಲೆಯ ಲೆಟರ್‌ಹೆಡ್ಡು, ಹೆಡ್‌ಮಿಸ್ ಸಹಿ. ಬಹಳ ದಿನ ಕಾದ ಮೇಲೆ ಇಮೇಲ್ ಬಂತು. ರಮಿತಾ ಪ್ರಿಂಟು ತಂದಳು. ನಾನು ಸೀರೆ ಕೊಡಲು ಹೋದಾಗ ತಾಯಿ ಮಗಳು ಅದನ್ನೇ ನೋಡುತ್ತಿದ್ದರು.

ವಿಮಲಾ ಮಗಳು ಹುಟ್ಟಿದ ವರ್ಷದ ಜುಲೈ ಹದಿನೈದರ ಮೇಲೆ ಬೆರಳಿಟ್ಟಳು. ಆರು ಮಿಲಿಮೀಟರ್.

"ನೋಡು, ಸೇಟ್ ಸುಳ್ಳು ಹೇಳ್ಲಿಲ್ಲ" ಎಂದು ಸೂಜಿಗೆ ನೂಲು ಪೋಣಿಸತೊಡಗಿದಳು. ಅವಳ ಮುಖದಲ್ಲಿ ಗೆದ್ದ ಕಳೆಯಿತ್ತು. ನನಗೆ ಸಿಟ್ಟು ಬಂತು.

"ಅಮ್ಮ, ರುಕ್ ನಾ. ನೀಚೆ ಲಿಖಾ ಹೈ" ಎಂದು ರಮಿತಾ ತಾಯಿಯನ್ನು ತಡೆದು, ಹಾಳೆಯ ಕೆಳಗೆ ಬರೆದದ್ದನ್ನು ತೋರಿಸಿದಳು. "ಆ ತಾರೀಕಿನ ಬೆಳಿಗ್ಗೆ ಎಂಟೂವರೆವರೆಗಿನ ಇಪ್ಪತ್ನಾಲ್ಕು ಗಂಟೆಯ ಮಳೆ ಇದು. ಹದಿನೈದರ ಮಧ್ಯಾಹ್ನ, ರಾತ್ರಿ ಬಿದ್ದದ್ದು ಹದಿನಾರರಲ್ಲಿ ಬರ್ತದೆ."

ಹದಿನಾರರ ಎದುರು ಇನ್ನೂರ ನಲವತ್ತೆಂಟು ಎಂದಿತ್ತು.

ಅಷ್ಟು ಮಳೆಗೆ ರಸ್ತೆ ಯಾವುದು, ಗಟಾರ ಯಾವುದು ತಿಳಿಯುವುದಿಲ್ಲ. ದಯಾನಂದ ಕುಡಿದಿದ್ದನೋ ಇಲ್ಲವೋ, ಅದನ್ನು ಕಚೇರಿಯ ಅಂಕಿ ಹೇಳದು. ಮಳೆ ಇರಲಿಲ್ಲ ಎಂದ ಸೇಟ್ ಮಾತ್ರ ಸುಳ್ಳ. ಮಿಕ್ಕದ್ದನ್ನೂ ಇನ್ನು ನಂಬುವುದು ಹೇಗೆ?

ವಿಮಲಾ ಹದಿನಾರರ ಸಾಲಿನಿಂದ ಕಣ್ಣೆತ್ತಲಿಲ್ಲ.

"ಅಮ್ಮ, ಪಪ್ಪ ಕೈಸೇ ದಿಖ್ತೇ ಥೇ?" ಎಂದು ರಮಿತಾ ಅಪ್ಪನ ಮುಖಚಹರೆ ಕೇಳಿದಳು.

ವಿಮಲಾ ಗೋಡೆ ನೋಡಿದಳು. "ನಿನ್ನ ಅಜ್ಜಿ ಹಾಗೇ ಇದ್ದ" ಎಂದಳು. ಆ ಅಜ್ಜಿಯ ತಲೆದಿಂಬು ಇನ್ನೂ ಮೂಲೆಯಲ್ಲಿತ್ತು. ವಿಮಲಾ ಹೋಗಿ ಅದರ ಕೆಳಗೆ ಕೈ ಹಾಕಿ ತಡಕಿದಳು.